ಹುಬ್ಬಳ್ಳಿಯಲ್ಲಿ ಎರಡನೇ ಗೋದಾಮು ಬೇಕಾ? ಒಂದು, ಎರಡು, ನಾಲ್ಕು: ಲೆಕ್ಕ ಹಾಕಿ ನೋಡೋಣ

ಊರೂರಿಗೆ ಮಾಲು ಕಳಿಸುವ ಕಂಪನಿಗಳಲ್ಲಿ ಒಂದು ಹಂತಕ್ಕೆ ಬಂದ ಮೇಲೆ ಈ ಮಾತು ಎದ್ದೇ ಏಳುತ್ತದೆ. ಬೆಂಗಳೂರು ಕಡೆಯ ಒಂದೇ ಗೋದಾಮಿನಿಂದ ಇಡೀ ರಾಜ್ಯಕ್ಕೆ ಮಾಲು ಹೋಗುತ್ತಿರುತ್ತದೆ. ಬೆಳಗಾವಿಯ ಡೀಲರ್ ಫೋನ್ ಮಾಡಿ, "ಸರ, ಆರ್ಡರ್ ಕೊಟ್ಟು ಐದ್ ದಿನಾ ಆತು, ಮಾಲ್ ಇನ್ನೂ ಬಂದಿಲ್ಲ" ಅನ್ನುತ್ತಾರೆ. ಸೇಲ್ಸ್‌ನವರು ಹುಬ್ಬಳ್ಳಿಯಲ್ಲೊಂದು ಗೋದಾಮು ಮಾಡೋಣ ಅನ್ನುತ್ತಾರೆ. ಅಕೌಂಟ್ಸ್‌ನವರು ಬಾಡಿಗೆ ಎಷ್ಟು, ಆಳು ಎಷ್ಟು ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಯಾರ ದನಿ ಜೋರಿದೆಯೋ ಅವರು ಹೇಳಿದ್ದೇ ಆಗುತ್ತದೆ.

ಸಾಗಣೆಯ ಲೆಕ್ಕದ ಕೆಲಸದಲ್ಲಿ ಇದನ್ನು ನಾನು ಹಲವು ಸಲ ನೋಡಿದ್ದೇನೆ. ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡೋಣ. ದರ ಮತ್ತು ಟನ್ನುಗಳು ನಾನು ಉದಾಹರಣೆಗೆ ಇಟ್ಟುಕೊಂಡವು, ದೂರಗಳು ಅಂದಾಜಿನವು. ನಿಮ್ಮ ಬಿಲ್ಲಿನಲ್ಲಿರುವ ದರ ಹಾಕಿದರೆ ಮೊತ್ತ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಕಂಪನಿ ಮಸಾಲೆ ಪುಡಿ ಮಾಡುವಂಥದ್ದು ಅಂದುಕೊಳ್ಳಿ. ಫ್ಯಾಕ್ಟರಿ ತುಮಕೂರಿನ ವಸಂತನರಸಾಪುರದಲ್ಲಿ, ಪಕ್ಕದಲ್ಲೇ ಗೋದಾಮು. ತಿಂಗಳಿಗೆ 400 ಟನ್ ಮಾರಾಟ. ಅದರಲ್ಲಿ 220 ಟನ್ ಬೆಂಗಳೂರು, ಮೈಸೂರು ಸುತ್ತಿನದ್ದು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಸೇರಿ ಕಿತ್ತೂರು ಕರ್ನಾಟಕಕ್ಕೆ 80 ಟನ್. ಬಳ್ಳಾರಿಯಿಂದ ಬೀದರ್‌ವರೆಗೆ ಕಲ್ಯಾಣ ಕರ್ನಾಟಕಕ್ಕೆ 50 ಟನ್. ಕರಾವಳಿಗೆ 50 ಟನ್.

ಮೊದಲ ಕೆಲಸ, ಆ 220 ಟನ್ನನ್ನು ಲೆಕ್ಕದಿಂದ ಹೊರಗಿಡುವುದು. ಹುಬ್ಬಳ್ಳಿಯಲ್ಲಿ ಗೋದಾಮು ತೆರೆದರೂ ಬಿಟ್ಟರೂ ಮೈಸೂರಿನ ಮಾಲು ತುಮಕೂರಿನಿಂದಲೇ ಹೋಗುತ್ತದೆ ಅಲ್ವಾ? ಯಾವ ಆಯ್ಕೆಯಲ್ಲೂ ಬದಲಾಗದ ಖರ್ಚನ್ನು ಸೇರಿಸಿದರೆ ಮೊತ್ತ ದೊಡ್ಡದಾಗಿ, ನಿಜವಾದ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ.

## ಈಗ ಇರುವಂತೆ: ಒಂದೇ ಗೋದಾಮು, ಪಾರ್ಟ್ ಲೋಡ್

ಡೀಲರ್ ಆರ್ಡರ್ ಕೊಟ್ಟಂತೆಲ್ಲ ಅರ್ಧ ಟನ್, ಒಂದು ಟನ್ ಮಾಲನ್ನು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹಾಕುವುದು ಈಗಿನ ಪದ್ಧತಿ. ಪಾರ್ಟ್ ಲೋಡಿಗೆ ಒಂದು ಟನ್ನು ಒಂದು ಕಿಲೋಮೀಟರ್ ಹೋಗಲು ₹10 ಅಂತ ಹಿಡಿಯೋಣ. ಪೂರ್ತಿ ತುಂಬಿದ 16 ಟನ್ ಲಾರಿಗೆ ಅದೇ ₹4. ಈ ಎರಡು ದರಗಳ ನಡುವಿನ ಅಂತರವೇ ಇಡೀ ವಿಷಯದ ಬೇರು. ಗೋದಾಮು ಮಾಡುವುದೆಂದರೆ, ದಾರಿಯ ಉದ್ದನೆಯ ಭಾಗವನ್ನು ₹10ರಿಂದ ₹4ಕ್ಕೆ ಇಳಿಸಿಕೊಳ್ಳುವುದು. ಬಾಡಿಗೆ, ಆಳು, ಸ್ಟಾಕು ಎಲ್ಲವೂ ಆ ಉಳಿತಾಯಕ್ಕೆ ನಾವು ಕೊಡುವ ಬೆಲೆ.

ತುಮಕೂರಿನಿಂದ ಹುಬ್ಬಳ್ಳಿಗೆ ಸುಮಾರು 340 ಕಿ.ಮೀ., ಬೆಳಗಾವಿಗೆ 435, ವಿಜಯಪುರಕ್ಕೆ 450. ಎಲ್ಲೆಲ್ಲಿ ಎಷ್ಟು ಟನ್ ಹೋಗುತ್ತದೆ ಅಂತ ನೋಡಿ ಸರಾಸರಿ ತೆಗೆದರೆ ಕಿತ್ತೂರು ಕರ್ನಾಟಕಕ್ಕೆ 380 ಕಿ.ಮೀ. ಬರುತ್ತದೆ. ಟನ್ನಿಗೆ ₹3,800, 80 ಟನ್ನಿಗೆ ₹3,04,000. ಕಲ್ಯಾಣ ಕರ್ನಾಟಕದ ಸರಾಸರಿ 420 ಕಿ.ಮೀ., ₹2,10,000. ಕರಾವಳಿ 330 ಕಿ.ಮೀ., ₹1,65,000. ಒಟ್ಟು ತಿಂಗಳಿಗೆ ₹6,79,000.

ಮಾಲು ತಲುಪಲು 3ರಿಂದ 5 ದಿನ ಬೇಕು. ದೂರ ಒಂದು ರಾತ್ರಿಯ ಪ್ರಯಾಣ ಅಷ್ಟೇ. ಉಳಿದ ದಿನಗಳನ್ನು ತಿನ್ನುವುದು ಟ್ರಾನ್ಸ್‌ಪೋರ್ಟಿನ ಗೋದಾಮಿನಲ್ಲಿ ಮಾಲು ಕಾಯುವುದು. ಲಾರಿ ತುಂಬುವ ತನಕ ಅವರು ಹೊರಡುವುದಿಲ್ಲ. ಹುಬ್ಬಳ್ಳಿಯಲ್ಲಿ ಇಳಿಸಿ, ಬೇರೆ ಗಾಡಿಗೆ ಹಾಕಿ, ಮತ್ತೆ ಕಾಯುತ್ತಾರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

## ಹುಬ್ಬಳ್ಳಿಯಲ್ಲಿ ಸ್ವಂತ ಗೋದಾಮು

ಈಗ ತುಮಕೂರಿನಿಂದ ಹುಬ್ಬಳ್ಳಿಗೆ ಫುಲ್ ಲೋಡ್: 340 × 4, ಟನ್ನಿಗೆ ₹1,360. ಮಧ್ಯೆ ಒಮ್ಮೆ ಇಳಿಸಿ ಏರಿಸುವ ಹಮಾಲಿ ₹250. ಹುಬ್ಬಳ್ಳಿಯಿಂದ ಡೀಲರ್‌ಗೆ, ತಾಲೂಕುಗಳೂ ಸೇರಿ, ಸರಾಸರಿ 100 ಕಿ.ಮೀ. ಸಣ್ಣ ಗಾಡಿಯಲ್ಲಿ ₹1,000. ಒಟ್ಟು ₹2,610. ಮೊದಲು ₹3,800 ಇತ್ತು. ಟನ್ನಿಗೆ ₹1,190 ಉಳಿಯಿತು. 80 ಟನ್ನಿಗೆ ತಿಂಗಳಿಗೆ ₹95,200.

ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅಥವಾ ಬಾಡಿಗೆಯನ್ನಷ್ಟೇ ಕಳೆಯುತ್ತಾರೆ. 3,500 ಚದರ ಅಡಿಗೆ ಅಡಿಗೆ ₹16ರಂತೆ ಬಾಡಿಗೆ ₹56,000. ಒಬ್ಬ ಸೂಪರ್‌ವೈಸರ್, ಇಬ್ಬರು ಆಳು, ರಾತ್ರಿ ಕಾವಲು ಸೇರಿ ₹65,000. ಕರೆಂಟು, ಇಂಟರ್ನೆಟ್ಟು, ವಿಮೆ, ಇಲಿ ಹುಳುವಿನ ಔಷಧಿ ₹14,000. ಒಟ್ಟು ₹1,35,000. ಆಹಾರದ ಮಾಲು ಆದ್ದರಿಂದ ಆ ಜಾಗಕ್ಕೆ ಪ್ರತ್ಯೇಕ ಎಫ್‌ಎಸ್‌ಎಸ್‌ಎಐ ಲೈಸೆನ್ಸೂ ಬೇಕು. ಅಂದರೆ ಸಾಗಣೆಯ ಉಳಿತಾಯವನ್ನು ಈ ಖರ್ಚೇ ನುಂಗಿ ಮೇಲೆ ₹40,000 ಕೇಳುತ್ತದೆ. ಇನ್ನೂ ಸ್ಟಾಕಿನ ಲೆಕ್ಕಕ್ಕೆ ಬಂದಿಲ್ಲ.

## ಸ್ಟಾಕು ಯಾಕೆ ಹೆಚ್ಚಾಗುತ್ತದೆ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಗೋದಾಮಿನಲ್ಲಿ ಎರಡು ಬಗೆಯ ಸ್ಟಾಕ್ ಇರುತ್ತದೆ. ಒಂದು, ಲಾರಿ ಬಂದಾಗ ತುಂಬಿ, ಮುಂದಿನ ಲಾರಿ ಬರುವಷ್ಟರಲ್ಲಿ ಖಾಲಿಯಾಗುವ ಸ್ಟಾಕ್. 16 ಟನ್ ಲಾರಿಯಾದರೆ ಸರಾಸರಿ ಅದರ ಅರ್ಧ, 8 ಟನ್, ಹುಬ್ಬಳ್ಳಿಯಲ್ಲಿ ಸದಾ ಇರುತ್ತದೆ. ಎರಡನೆಯದು ಆಪತ್ತಿನ ಸ್ಟಾಕ್. ಒಂದು ವಾರ ಅಂದಾಜಿಗಿಂತ ಹೆಚ್ಚು ಆರ್ಡರ್ ಬಂದರೆ ಕೈಖಾಲಿ ಆಗದಿರಲಿ ಅಂತ ಇಡುವಂಥದ್ದು.

ಆಪತ್ತಿನ ಸ್ಟಾಕ್ ಎಷ್ಟು ಬೇಕು ಅನ್ನುವುದು ಮಾರಾಟ ಎಷ್ಟು ಅನ್ನುವುದಕ್ಕಿಂತ ಮಾರಾಟ ಎಷ್ಟು ಏರಿಳಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಹುಬ್ಬಳ್ಳಿ ಕಡೆ ವಾರಕ್ಕೆ 20 ಟನ್ ಮಾರಾಟ, ಅದು ಹೆಚ್ಚುಕಮ್ಮಿ 5 ಟನ್ ಏರಿಳಿಯುತ್ತದೆ ಅಂದುಕೊಳ್ಳಿ. ಉಳಿದ ರಾಜ್ಯದ್ದು ವಾರಕ್ಕೆ 80 ಟನ್, ಏರಿಳಿತ 12 ಟನ್. ಎಲ್ಲವೂ ಒಂದೇ ಗೋದಾಮಿನಲ್ಲಿದ್ದರೆ, ಹುಬ್ಬಳ್ಳಿಯಲ್ಲಿ ಮಾರಾಟ ಏರಿದ ವಾರ ಮಂಡ್ಯದಲ್ಲಿ ಇಳಿದಿರಬಹುದು. ಒಂದರ ಹೆಚ್ಚು ಇನ್ನೊಂದರ ಕಮ್ಮಿಗೆ ಸರಿಹೋಗುತ್ತದೆ. ಹಾಗಾಗಿ ಒಟ್ಟು ಏರಿಳಿತ 5 ಮತ್ತು 12ರ ಮೊತ್ತ ಅಲ್ಲ:

```
√(5² + 12²) = 13
5 + 12 = 17
```

ಒಂದೇ ಕಡೆ ಇಟ್ಟರೆ 13, ಎರಡು ಕಡೆ ಬೇರೆಬೇರೆ ಇಟ್ಟರೆ 17. ಆರ್ಡರ್ ಬಂದಾಗ ಮಾಲು ಇಲ್ಲ ಅನ್ನುವ ಪರಿಸ್ಥಿತಿ 20 ವಾರದಲ್ಲಿ ಒಂದೇ ವಾರ ಬರಬೇಕು, ಅಂದರೆ 95%, ಅಂತ ಗುರಿ ಇಟ್ಟರೆ ಈ ಅಂಕಿಯನ್ನು 1.65ರಿಂದ ಗುಣಿಸಬೇಕು. ಮಾಲು ತರಿಸಲು ಒಂದು ವಾರ ಬೇಕು ಅಂತ ಇಟ್ಟುಕೊಂಡಿದ್ದೇನೆ. ಒಂದೇ ಕಡೆ ಸುಮಾರು 21.5 ಟನ್, ಎರಡು ಕಡೆ 28 ಟನ್. ಅದೇ ಭರವಸೆಗೆ 6.5 ಟನ್ ಹೆಚ್ಚು ಸ್ಟಾಕ್.

ಹುಬ್ಬಳ್ಳಿಯ 8 ಟನ್ನೂ ಸೇರಿಸಿದರೆ ಹತ್ತಿರಹತ್ತಿರ 15 ಟನ್. ಕೆಜಿಗೆ ₹200 ತಯಾರಿ ಖರ್ಚು ಅಂದರೆ ಸುಮಾರು ₹29 ಲಕ್ಷ ಮಾಲಿನ ರೂಪದಲ್ಲಿ ಕೂತಿರುತ್ತದೆ. ಬಡ್ಡಿ, ಹಾಳಾಗುವುದು, ಹಳತಾಗುವುದು ಸೇರಿ ವರ್ಷಕ್ಕೆ 18% ಹಿಡಿದರೆ ತಿಂಗಳಿಗೆ ಸುಮಾರು ₹44,000. ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಬ್ಯಾಂಕಿನ ಓಡಿಯಲ್ಲಿ ಸದ್ದಿಲ್ಲದೆ ಕೂಡಿಕೊಳ್ಳುತ್ತಾ ಹೋಗುತ್ತದೆ.

ಈ ವರ್ಗಮೂಲದ ಲೆಕ್ಕಕ್ಕೆ ಒಂದು ಷರತ್ತಿದೆ. ಎರಡು ಕಡೆಯ ಏರಿಳಿತ ಒಂದಕ್ಕೊಂದು ಸಂಬಂಧ ಇಲ್ಲದಂತಿರಬೇಕು. ಯುಗಾದಿ, ದೀಪಾವಳಿ, ಮದುವೆ ಸೀಸನ್ನಿನಲ್ಲಿ ಎಲ್ಲ ಕಡೆ ಒಟ್ಟಿಗೇ ಏರುತ್ತದೆ. ಆಗ ಒಂದೇ ಕಡೆ ಇಟ್ಟರೂ 17ರ ಹತ್ತಿರವೇ ಬೇಕು, ಎರಡು ಮಾಡಿದ್ದಕ್ಕೆ ದಂಡ ಕಮ್ಮಿ. ಇನ್ನೊಂದು, ಒಂದೇ ಭಾಗದಲ್ಲಿ ಮಾರಾಟವಾಗುವ ಮಾಲು. ಶೇಂಗಾ ಚಟ್ನಿಪುಡಿಯ ಬಹುಪಾಲು ಹುಬ್ಬಳ್ಳಿ, ವಿಜಯಪುರದ ಕಡೆಯೇ ಹೋಗುತ್ತಿದ್ದರೆ ಅದನ್ನು ತುಮಕೂರಿನಲ್ಲಿ ಕೂಡಿಟ್ಟು ಏನೂ ಲಾಭವಿಲ್ಲ. ಆದ್ದರಿಂದ ಈ ಲೆಕ್ಕವನ್ನು ಒಟ್ಟು ಟನ್ನಿಗೆ ಮಾಡಿ ಬಿಡಬೇಡಿ. ಕೊನೆಗೆ ಪ್ರತಿ ಮಾಲಿಗೂ ಮಾಡಬೇಕು.

ಹೀಗೆ ಸ್ವಂತ ಗೋದಾಮಿಗೆ ಖರ್ಚು ₹1,79,000, ಉಳಿತಾಯ ₹95,000. ತಿಂಗಳಿಗೆ ₹84,000 ಹೆಚ್ಚು.

## "ಸರ್ವಿಸ್" ಅಂದರೆ ಎರಡು ಬೇರೆ ವಿಷಯ

ಹೆಚ್ಚು ಕೊಟ್ಟಿದ್ದಕ್ಕೆ ಸರ್ವಿಸ್ ಚೆನ್ನಾಗಿರುತ್ತದಲ್ಲ, ಅನ್ನಬಹುದು. ಯಾವ ಸರ್ವಿಸ್ ಅಂತ ಕೇಳಬೇಕು. ಆರ್ಡರ್ ಕೊಟ್ಟ ಎಷ್ಟು ದಿನಕ್ಕೆ ಮಾಲು ಬಂತು ಅನ್ನುವುದು ಒಂದು. ಕೇಳಿದ ಮಾಲೆಲ್ಲ ಪೂರ್ತಿ ಬಂತಾ ಅನ್ನುವುದು ಇನ್ನೊಂದು. ಗೋದಾಮು ಹೆಚ್ಚಿದಷ್ಟೂ ಮೊದಲನೆಯದು ಸುಧಾರಿಸುತ್ತದೆ. ಸ್ಟಾಕ್ ಹೆಚ್ಚಿಸದಿದ್ದರೆ ಎರಡನೆಯದು ಕೆಡುತ್ತದೆ.

ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಆಗಿತ್ತು. ಒಂದಿದ್ದ ಗೋದಾಮನ್ನು ನಾಲ್ಕು ಮಾಡಿದರು. ಸ್ಟಾಕಿಗೆ ಹೊಸದಾಗಿ ಹಣ ಕೊಡಲಿಲ್ಲ, ಇದ್ದದ್ದನ್ನೇ ನಾಲ್ಕು ಕಡೆ ಹಂಚಿದರು. ಆರು ತಿಂಗಳಲ್ಲಿ ಮಂಗಳೂರಿನಲ್ಲಿ ಸಾಂಬಾರು ಪುಡಿಯ ಪೆಟ್ಟಿಗೆಗಳು ದಿನಾಂಕ ಮುಗಿಯುವ ಹಂತಕ್ಕೆ ಬಂದವು. ಕಲಬುರಗಿಯಲ್ಲಿ ಅದೇ ಸಾಂಬಾರು ಪುಡಿ ಇಲ್ಲ ಅಂತ ಆರ್ಡರ್ ವಾಪಸ್ ಹೋಗುತ್ತಿತ್ತು. ಕೊನೆಗೆ ಮಂಗಳೂರಿನಿಂದ ಕಲಬುರಗಿಗೆ ಪಾರ್ಟ್ ಲೋಡಿನಲ್ಲಿ ಮಾಲು ಕಳಿಸಿದೆವು. ಆ ಬಿಲ್ಲು ನೋಡಿದಾಗ ನನಗೆ ನಿಜವಾಗಿಯೂ ಸಂಕಟ ಆಯಿತು. ಡೀಲರ್‌ಗಳು ಮೊದಲು "ಲೇಟ್" ಅನ್ನುತ್ತಿದ್ದರು, ಆಮೇಲೆ "ಮಾಲೇ ಇಲ್ಲ" ಅನ್ನತೊಡಗಿದರು. ಎರಡನೆಯದು ಇನ್ನೂ ಕೆಟ್ಟದ್ದು. ಯಾಕಂದರೆ ಅಂಗಡಿಯವರು ಆ ಜಾಗದಲ್ಲಿ ಬೇರೆ ಬ್ರ್ಯಾಂಡ್ ಇಡುತ್ತಾರೆ.

ಗೋದಾಮಿನಿಂದ ಗೋದಾಮಿಗೆ ಮಾಲು ಓಡಾಡಲು ಶುರುವಾದರೆ ಅದೇ ಮೊದಲ ಎಚ್ಚರಿಕೆ. ಎರಡನೆಯದು, ಹುಬ್ಬಳ್ಳಿಯಲ್ಲಿ ಗೋದಾಮು ಇದ್ದೂ ಧಾರವಾಡದ ಡೀಲರ್‌ಗೆ ತುಮಕೂರಿನಿಂದ ಅರ್ಜೆಂಟ್ ಪಾರ್ಟ್ ಲೋಡ್ ಹೋಗುವುದು. ಇವೆರಡನ್ನು ಪ್ರತಿ ತಿಂಗಳು ಎಣಿಸಿ ಬರೆದಿಡಿ. ಹತ್ತು ಆರ್ಡರ್‌ಗಳಲ್ಲಿ ಎಷ್ಟು ಆರ್ಡರ್ ಪೂರ್ತಿಯಾಗಿ ಅದೇ ಗೋದಾಮಿನಿಂದ ಹೋಯಿತು ಅನ್ನುವ ಒಂದು ಅಂಕಿ ಇದ್ದರೆ ಉಳಿದದ್ದು ತಾನೇ ಗೊತ್ತಾಗುತ್ತದೆ.

## ಗೋದಾಮು ಇಲ್ಲದೆ ಹುಬ್ಬಳ್ಳಿ: ನಿಗದಿತ ದಿನದ ಲಾರಿ

ಈಗ ಆ 3–5 ದಿನದ ಮಾತಿಗೆ ವಾಪಸ್ ಬರೋಣ. ತಡವಾಗುತ್ತಿದ್ದದ್ದು ದೂರದಿಂದ ಅಲ್ಲ, ಕಾಯುವುದರಿಂದ. ಹಾಗಾದರೆ ಕಾಯುವುದನ್ನೇ ತೆಗೆದರೆ?

ಹುಬ್ಬಳ್ಳಿ ಕಡೆಗೆ ವಾರಕ್ಕೆ 20 ಟನ್ ಇದ್ದೇ ಇದೆ. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ ರಾತ್ರಿ, 10 ಟನ್ ಲಾರಿಯೊಂದು ತುಮಕೂರಿನಿಂದ ಹೊರಡಲಿ. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಒಂದು ಅಂಗಳದಲ್ಲಿ ನಿಂತು, ಮೂರು ನಾಲ್ಕು ಸಣ್ಣ ಗಾಡಿಗೆ ಮಾಲು ಹಂಚಿಹೋಗಲಿ. ಒಂದು ಬೆಳಗಾವಿ ಕಡೆ, ಒಂದು ಬಾಗಲಕೋಟೆ, ವಿಜಯಪುರ, ಒಂದು ಗದಗ, ಒಂದು ಊರೊಳಗೆ. ಸಂಜೆಗೆ ಅಂಗಳ ಖಾಲಿ. ಇದನ್ನು ಕ್ರಾಸ್ ಡಾಕ್ ಅನ್ನುತ್ತಾರೆ.

ಚಿಕ್ಕ ಲಾರಿ ಆದ್ದರಿಂದ ದರ ₹4ರ ಬದಲು ₹5 ಹಿಡಿಯೋಣ. 340 × 5 = ₹1,700, ಹಮಾಲಿ ₹250, ಸಣ್ಣ ಗಾಡಿ ₹1,000. ಟನ್ನಿಗೆ ₹2,950. ಈಗಿನ ₹3,800ಕ್ಕೆ ಹೋಲಿಸಿದರೆ 80 ಟನ್ನಿಗೆ ₹68,000 ಉಳಿತಾಯ. ಅಂಗಳಕ್ಕೆ ತಿಂಗಳಲ್ಲಿ 8 ದಿನ, ದಿನಕ್ಕೆ ₹2,500ರಂತೆ ₹20,000. ನೋಡಿಕೊಳ್ಳಲು ಒಬ್ಬ ಹುಡುಗ, ₹22,000. ಎಲ್ಲ ಕಳೆದು ₹26,000 ಉಳಿಯುತ್ತದೆ. ಸ್ಟಾಕ್ ಒಂದು ಕೆಜಿಯೂ ಹೆಚ್ಚಾಗಲಿಲ್ಲ. 13 ಇದ್ದದ್ದು 13ರಲ್ಲೇ ಇದೆ.

ಮಸಾಲೆ ಕಂಪನಿಗೆ ಇನ್ನೊಂದು ಅನುಕೂಲ ಇದೆ. ಹುಬ್ಬಳ್ಳಿಯಿಂದ ವಾಪಸ್ ಬರುವ ದಾರಿಯಲ್ಲೇ ಬ್ಯಾಡಗಿ. ಮೆಣಸಿನಕಾಯಿ ಹೇಗೂ ಅಲ್ಲಿಂದಲೇ ತರಬೇಕು. ಲಾರಿಯ ದಿನವನ್ನು ಬ್ಯಾಡಗಿ ಮಾರುಕಟ್ಟೆಯ ದಿನಕ್ಕೆ ಹೊಂದಿಸಿದರೆ ರಿಟರ್ನ್ ಲೋಡ್ ಸಿಕ್ಕಿತು. ಮೆಣಸಿನಕಾಯಿ ಹಗುರ, ಚೀಲ ದೊಡ್ಡದು. ಲಾರಿ ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ಹಾಗಾಗಿ ಟನ್ ಲೆಕ್ಕದಲ್ಲಿ ದೊಡ್ಡ ಉಳಿತಾಯ ಅಂತ ಬರೆದುಕೊಳ್ಳಬೇಡಿ. ಆದರೂ ಖಾಲಿ ಬರುವ ಲಾರಿಗಿಂತ ಮೇಲು. ನಾನು ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಇದರ ಕೊರತೆಯನ್ನೂ ಹೇಳಬೇಕು. ಮಂಗಳವಾರ ಆರ್ಡರ್ ಕೊಟ್ಟವರಿಗೆ ಶುಕ್ರವಾರವೇ ಮಾಲು. ಮರುದಿನವೇ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಜೊತೆಗೆ ದಿನ ತಪ್ಪಬಾರದು. ಒಂದು ವಾರ "ಲೋಡ್ ಆಗಿಲ್ಲ, ನಾಳೆ ಬಿಡೋಣ" ಅಂದರೆ ಡೀಲರ್‌ಗಳು ದಿನವನ್ನು ನಂಬುವುದು ಬಿಡುತ್ತಾರೆ. ಆಮೇಲೆ ಹೆದರಿ ದೊಡ್ಡ ಆರ್ಡರ್ ಕೊಡುತ್ತಾರೆ, ಏರಿಳಿತ ಜಾಸ್ತಿಯಾಗುತ್ತದೆ. ಲಾರಿ 7 ಟನ್ನಿಗೇ ಹೊರಡಬೇಕಾದ ವಾರಗಳು ಬರುತ್ತವೆ. ಆಗಲೂ ಹೊರಡಲೇಬೇಕು.

## ಏಜೆಂಟ್ ಮೂಲಕ

ಸ್ವಂತ ಗೋದಾಮಿನ ಬದಲು ಹುಬ್ಬಳ್ಳಿಯ ಸಿ ಆಂಡ್ ಎಫ್ ಏಜೆಂಟ್ ಒಬ್ಬರಿಗೆ ಕೊಡಬಹುದು. ಜಾಗ, ಆಳು ಅವರದು. ಸ್ಟಾಕ್ ನಮ್ಮದು. ಟನ್ನಿಗೆ ₹900 ಅಂತ ಒಪ್ಪಂದವಾದರೆ 80 ಟನ್ನಿಗೆ ₹72,000. ಸ್ಟಾಕಿನ ₹44,000 ಹಾಗೆಯೇ ಇರುತ್ತದೆ, ಅದು ಎಲ್ಲಿಗೂ ಹೋಗುವುದಿಲ್ಲ. ಈಗಿನದಕ್ಕಿಂತ ಸುಮಾರು ₹21,000 ಹೆಚ್ಚು ಬೀಳುತ್ತದೆ.

ಒಪ್ಪಂದದಲ್ಲಿ ಎರಡು ವಿಷಯ ನೋಡಿ. ಕನಿಷ್ಠ ಇಷ್ಟು ಟನ್ನಿನ ಹಣ ಕೊಡಲೇಬೇಕು ಅನ್ನುವ ಷರತ್ತು ಇದ್ದರೆ, ಮಳೆಗಾಲದ ಕಮ್ಮಿ ಮಾರಾಟದ ತಿಂಗಳಿಗೆ ಅದು ಎಷ್ಟಾಗುತ್ತದೆ ಅಂತ ಲೆಕ್ಕ ಮಾಡಿ. ಮತ್ತೆ, ಪ್ರತಿ ತಿಂಗಳು ನಮ್ಮವರೇ ಹೋಗಿ ಮಾಲು ಎಣಿಸುವ ಹಕ್ಕು ಬರಹದಲ್ಲಿ ಇರಲಿ.

## ಮಂಗಳೂರು, ಕಲಬುರಗಿ

ನಾಲ್ಕು ಗೋದಾಮಿನ ಯೋಜನೆಯನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ಈ ಗಾತ್ರಕ್ಕೆ ಅದು ಹತ್ತಿರಕ್ಕೂ ಬರುವುದಿಲ್ಲ. ಮಂಗಳೂರಿನಲ್ಲಿ ಸಾಗಣೆಯ ಉಳಿತಾಯ ತಿಂಗಳಿಗೆ ಸುಮಾರು ₹60,000, ಗೋದಾಮಿನ ಖರ್ಚು ₹1,20,000. ಕಲಬುರಗಿಯಿಂದ ಬಳ್ಳಾರಿ, ಕೊಪ್ಪಳಕ್ಕೆ ಮಾಲು ಕಳಿಸಿದರೆ ಲಾರಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋದಂತೆ. ಹಾಗಾಗಿ ಅಲ್ಲಿಗೆ ಉಳಿಯುವುದು 30 ಟನ್ ಮಾತ್ರ. ಉಳಿತಾಯ ₹54,000, ಖರ್ಚು ₹1,10,000.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಿಂಗಳಿಗೆ 30 ಟನ್ ಅಂದರೆ ಒಂದು 16 ಟನ್ ಲಾರಿ ಎರಡು ವಾರಕ್ಕೂ ಸ್ವಲ್ಪ ಹೆಚ್ಚಿನ ಮಾಲು. ಲಾರಿ ತುಂಬಬೇಕು ಅಂತ, ಇವತ್ತು ಬೇಡದ ಮಾಲನ್ನೂ ಹಾಕಿ ಕಳಿಸುತ್ತಾರೆ. ಓಡುವ ಖಾರದಪುಡಿ ಆರೇ ದಿನಕ್ಕೆ ಮುಗಿಯುತ್ತದೆ, ಓಡದ ಮಾಲು ಅಲ್ಲೇ ಉಳಿಯುತ್ತದೆ. ಸಣ್ಣ ಗೋದಾಮುಗಳು ಹಳೆ ಮಾಲಿನ ಜಾಗವಾಗುವುದು ಹೀಗೆ.

ಹುಬ್ಬಳ್ಳಿ ಗೋದಾಮು ಮಾಡಿ ಅಲ್ಲಿಂದ ಕಲಬುರಗಿಗೂ ಕೊಡೋಣ ಅನ್ನುವವರಿದ್ದಾರೆ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ. ಹುಬ್ಬಳ್ಳಿಯಿಂದ ಕಲಬುರಗಿ ಸುಮಾರು 330 ಕಿ.ಮೀ. ಅಲ್ಲಿಗೆ ಟನ್ನಿಗೆ 1,360 + 250 + 3,300, ಅಂದರೆ ₹4,910. ತುಮಕೂರಿನಿಂದ ನೇರ ಹೋದರೆ ₹5,500. ಉಳಿತಾಯ ಇದೆ, ಆದರೆ ಒಂದು ಸಲ ಹೆಚ್ಚು ಇಳಿಸಿ ಏರಿಸುವಾಗ ಒಡೆಯುವ ಪೆಟ್ಟಿಗೆ, ಕಳೆದುಹೋಗುವ ದಿನ ನೋಡಿದರೆ ನಾನು ನೇರವಾಗಿಯೇ ಕಳಿಸುತ್ತೇನೆ.

ಕರಾವಳಿಗೆ ವರ್ಷವಿಡೀ ಗೋದಾಮು ಬೇಡ, ಮಳೆಗಾಲಕ್ಕೆ ಬೇಕಾಗಬಹುದು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಲಾರಿಗಳು ಸುತ್ತುದಾರಿ ಹಿಡಿಯಬೇಕು, ಇಲ್ಲವೇ ಕಾಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೀಲರ್ ಒಬ್ಬರ ಗೋದಾಮಿನಲ್ಲೇ ಸ್ವಲ್ಪ ಜಾಗ ಬಾಡಿಗೆಗೆ ಹಿಡಿದು, ಹೆಚ್ಚು ಓಡುವ ನಾಲ್ಕೈದು ಮಾಲನ್ನು ಹತ್ತು ದಿನಕ್ಕಾಗುವಷ್ಟು ಇಡುವುದು ಸಾಕು. ಮಳೆಗಾಲದ ತೇವಕ್ಕೆ ಪುಡಿ ಗಟ್ಟಿಯಾಗುತ್ತದೆ. ಪೆಟ್ಟಿಗೆಗಳ ಕೆಳಗೆ ಮರದ ಹಲಗೆ ಇರಲಿ, ಗೋಡೆಗೆ ತಾಗದಿರಲಿ.

## ಎಲ್ಲವನ್ನೂ ಪಕ್ಕಪಕ್ಕ ಇಟ್ಟರೆ

| ಆಯ್ಕೆ | ಈಗಿನದಕ್ಕೆ ಹೋಲಿಸಿದರೆ, ತಿಂಗಳಿಗೆ | ಹುಬ್ಬಳ್ಳಿ ಕಡೆ ಮಾಲು ತಲುಪುವುದು |
|---|---|---|
| ಒಂದು ಗೋದಾಮು, ಪಾರ್ಟ್ ಲೋಡ್ | – | 3–5 ದಿನ, ಖಚಿತವಿಲ್ಲ |
| ಒಂದು ಗೋದಾಮು, ನಿಗದಿತ ಲಾರಿ | ₹26,000 ಕಮ್ಮಿ | ವಾರಕ್ಕೆ ಎರಡು ದಿನ, ಖಚಿತ |
| ಹುಬ್ಬಳ್ಳಿ ಏಜೆಂಟ್ | ₹21,000 ಹೆಚ್ಚು | ಮರುದಿನ |
| ಹುಬ್ಬಳ್ಳಿ ಸ್ವಂತ | ₹84,000 ಹೆಚ್ಚು | ಮರುದಿನ |
| ನಾಲ್ಕು ಗೋದಾಮು | ಸುಮಾರು ₹2,75,000 ಹೆಚ್ಚು | ಮರುದಿನ |

ಕೊನೆಯ ಸಾಲಿನಲ್ಲಿ ಮಂಗಳೂರು, ಕಲಬುರಗಿಗೆ ಸೇರಿ 25 ಟನ್ ಹೆಚ್ಚುವರಿ ಸ್ಟಾಕ್ ಹಿಡಿದಿದ್ದೇನೆ.

ಇಲ್ಲಿ ಒಂದು ಮುಖ್ಯವಾದ ಮಾತು ಇದೆ. ಹುಬ್ಬಳ್ಳಿ ಗೋದಾಮನ್ನು ಈಗಿನ ಪಾರ್ಟ್ ಲೋಡಿಗೆ ಹೋಲಿಸಿದರೆ, ಟನ್ನಿಗೆ ₹1,190 ಉಳಿತಾಯದಂತೆ ಸುಮಾರು 150 ಟನ್ ಮಾರಾಟವಾದಾಗ ಖರ್ಚು ಸರಿಹೋಗುತ್ತದೆ. ಇನ್ನೆರಡು ವರ್ಷದಲ್ಲಿ ಅಲ್ಲಿಗೆ ಮುಟ್ಟುತ್ತೇವೆ ಅಂತ ಸೇಲ್ಸ್‌ನವರು ಹೇಳಬಹುದು. ಆದರೆ ನಿಗದಿತ ಲಾರಿಗೆ ಹೋಲಿಸಿದರೆ ಟನ್ನಿಗೆ ಉಳಿಯುವುದು ₹340 ಮಾತ್ರ. ಖರ್ಚು ಸರಿಹೋಗಲು 400 ಟನ್ ಬೇಕು. ಅಷ್ಟು ಮಾಲು ಇದ್ದರೆ ನಿಗದಿತ ಲಾರಿಯೂ 16 ಟನ್ನಿನದ್ದೇ ಆಗಿರುತ್ತದೆ, ಆ ₹340 ಕೂಡ ಮಾಯ. ಅಂದರೆ ಹುಬ್ಬಳ್ಳಿ ಗೋದಾಮು ಖರ್ಚು ಉಳಿಸುವುದಕ್ಕೆ ಅಂತ ಯಾರಾದರೂ ಹೇಳಿದರೆ ಅವರು ತಪ್ಪು ಆಯ್ಕೆಗೆ ಹೋಲಿಸುತ್ತಿದ್ದಾರೆ. ಅದನ್ನು ಮಾಡಬೇಕಾದ್ದು ಮರುದಿನದ ಮಾಲಿನಿಂದ ಮಾರಾಟ ಹೆಚ್ಚುತ್ತದೆ ಅಂತಿದ್ದರೆ ಮಾತ್ರ.

ಎಷ್ಟು ಹೆಚ್ಚಬೇಕು? ಕೆಜಿಗೆ ₹40 ನಮ್ಮ ಕೈಗೆ ಉಳಿಯುತ್ತದೆ ಅಂದುಕೊಳ್ಳಿ. ಏಜೆಂಟ್ ಆಯ್ಕೆ ನಿಗದಿತ ಲಾರಿಗಿಂತ ₹47,000 ದುಬಾರಿ. 47,000 ÷ 40, ಸುಮಾರು 1.2 ಟನ್. 80 ಟನ್ನಿನ ಮೇಲೆ 1.5%. ಸ್ವಂತ ಗೋದಾಮು ₹1,10,000 ದುಬಾರಿ, ಅದಕ್ಕೆ 2.75 ಟನ್, 3.4%. ಇವು ದೊಡ್ಡ ಅಂಕಿಗಳಲ್ಲ. ಆದರೆ ಸುಮ್ನೆ ಬರುವುದೂ ಇಲ್ಲ.

## ಹುಬ್ಬಳ್ಳಿಯೇ ಯಾಕೆ

ಜಾಗ ಹುಡುಕಲು ಒಂದು ಸರಳ ಲೆಕ್ಕ ಇದೆ. ಪ್ರತಿ ಊರಿನ ಅಕ್ಷಾಂಶ, ರೇಖಾಂಶವನ್ನು ಅಲ್ಲಿ ಹೋಗುವ ಟನ್ನಿನಿಂದ ಗುಣಿಸಿ, ಕೂಡಿಸಿ, ಒಟ್ಟು ಟನ್ನಿನಿಂದ ಭಾಗಿಸುವುದು. ಹುಬ್ಬಳ್ಳಿ-ಧಾರವಾಡ 28 ಟನ್, ಬೆಳಗಾವಿ 22, ವಿಜಯಪುರ 10, ಬಾಗಲಕೋಟೆ 8, ಗದಗ 6, ಹಾವೇರಿ 6 ಅಂತ ಹಾಕಿದೆ. ಉತ್ತರ ಬಂದದ್ದು 15.72, 75.14. ನಕ್ಷೆಯಲ್ಲಿ ನೋಡಿದರೆ ಅದು ಸವದತ್ತಿಯ ಹತ್ತಿರ.

ಹಾಗಂತ ಸವದತ್ತಿಯಲ್ಲಿ ಗೋದಾಮು ಹುಡುಕಬೇಡಿ. ಈ ಲೆಕ್ಕಕ್ಕೆ ರಸ್ತೆ ಗೊತ್ತಿಲ್ಲ, ಮಾಲು ದಕ್ಷಿಣದಿಂದ ಬರುತ್ತದೆ ಅನ್ನುವುದೂ ಗೊತ್ತಿಲ್ಲ. ತುಮಕೂರಿನಿಂದ ಬರುವ ಲಾರಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೇರ ಹುಬ್ಬಳ್ಳಿಗೆ ಬರುತ್ತದೆ. ಸಣ್ಣ ಗಾಡಿ, ಹಮಾಲರು, ರಿಟರ್ನ್ ಲೋಡ್ ಎಲ್ಲ ಅಲ್ಲಿದೆ. ಲೆಕ್ಕ ಹೇಳಿದ್ದು ಇಷ್ಟೇ: ಹುಬ್ಬಳ್ಳಿಯಿಂದ ಸರಿಯಾದ ಜಾಗ ಬಹಳ ದೂರ ಇಲ್ಲ. 30, 40 ಕಿ.ಮೀ. ಆಚೀಚೆಯಾದರೂ ಮೊತ್ತ ಹೆಚ್ಚು ಬದಲಾಗುವುದಿಲ್ಲ. ಎಷ್ಟು ಗೋದಾಮು ಅನ್ನುವುದು ತಪ್ಪಿದರೆ ಆಗುವ ನಷ್ಟ, ಯಾವ ಊರು ಅನ್ನುವುದು ಸ್ವಲ್ಪ ತಪ್ಪಿದರೆ ಆಗುವುದಿಲ್ಲ.

ತೆರಿಗೆಯ ವಿಷಯ ರಾಜ್ಯದೊಳಗೆ ಸುಲಭ. ಅದೇ ಜಿಎಸ್‌ಟಿ ನೋಂದಣಿಗೆ ಹುಬ್ಬಳ್ಳಿಯನ್ನು ಹೆಚ್ಚುವರಿ ಜಾಗ ಅಂತ ಸೇರಿಸಿದರೆ ಸಾಕು, ತುಮಕೂರಿನಿಂದ ಹೋಗುವ ಸ್ಟಾಕಿಗೆ ತೆರಿಗೆ ಇಲ್ಲ. ಡೆಲಿವರಿ ಚಲನ್ ಮತ್ತು ₹50,000 ದಾಟಿದ ಮಾಲಿಗೆ ಇ-ವೇ ಬಿಲ್ ಬೇಕು. 2017ರ ಜುಲೈ 1ಕ್ಕೆ ಮೊದಲು ಕೇಂದ್ರ ಮಾರಾಟ ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳು ರಾಜ್ಯಕ್ಕೊಂದು ಡಿಪೋ ಇಡುತ್ತಿದ್ದವು. ಈಗ ಆ ಕಾರಣ ಹೋಗಿದೆ. ಮುಂದೆ ಕೊಲ್ಲಾಪುರ, ಗೋವಾಕ್ಕೆ ಮಾಲು ಹೋಗುವಂತಾದರೆ ಹುಬ್ಬಳ್ಳಿಯಿಂದಲೇ ಬಿಲ್ ಮಾಡಿ ಕಳಿಸಬಹುದು. ಆ ಟನ್ನುಗಳು ಬಂದಾಗ ಮೇಲಿನ ಲೆಕ್ಕ ಹೊಸದಾಗಿ ಮಾಡಬೇಕು.

## ನಾನಾದರೆ ಹೀಗೆ ಮಾಡುತ್ತೇನೆ

ಮೊದಲು ಮೂರು ತಿಂಗಳು ನಿಗದಿತ ಲಾರಿ. ಆ ಮೂರು ತಿಂಗಳು ಆರ್ಡರ್ ಪುಸ್ತಕದಲ್ಲಿ ಹೊಸದಾಗಿ ಎರಡು ಕಾಲಂ ಹಾಕಿಸಿ. ಒಂದರಲ್ಲಿ, ಮಾಲು ಇರಲಿಲ್ಲ ಅಂತ ತಪ್ಪಿಹೋದ ಕೆಜಿ. ಇನ್ನೊಂದರಲ್ಲಿ, ಮಾಲು ಇತ್ತು ಆದರೆ ಲಾರಿಯ ದಿನದವರೆಗೆ ಕಾಯಲಾಗದೆ ಡೀಲರ್ ಬಿಟ್ಟುಬಿಟ್ಟ ಕೆಜಿ. ಇವೆರಡನ್ನು ಬೆರೆಸಬೇಡಿ. ಮೊದಲನೆಯದಕ್ಕೆ ಔಷಧಿ ತುಮಕೂರಿನ ಸ್ಟಾಕಿನಲ್ಲಿದೆ, ಹುಬ್ಬಳ್ಳಿ ಗೋದಾಮು ಅದನ್ನು ಇನ್ನೂ ಹೆಚ್ಚಿಸಬಹುದು. ಎರಡನೆಯದು ಮಾತ್ರ ಹುಬ್ಬಳ್ಳಿಯಿಂದ ಸರಿಹೋಗುವಂಥದ್ದು.

ಕಾಲಂ ತುಂಬಿಸುವ ಕೆಲಸ ಸೇಲ್ಸ್‌ನವರಿಗೆ ಕೊಡಬೇಡಿ, ಆರ್ಡರ್ ಬರೆದುಕೊಳ್ಳುವವರಿಗೆ ಕೊಡಿ. ಗೋದಾಮು ಬೇಕು ಅನ್ನುವವರು ಅಂಕಿ ಬರೆದರೆ ಅದು ತಾನಾಗಿಯೇ ಸ್ವಲ್ಪ ಮೇಲೇ ಇರುತ್ತದೆ. ತಿಂಗಳಿಗೆ ಹತ್ತು ಡೀಲರ್‌ಗಳಿಗೆ ನೀವೇ ಫೋನ್ ಮಾಡಿ ಕೇಳಿ. "ಅಣ್ಣಾ, ಹೋದ ವಾರ ನಮ್ಮ ಮಾಲ್ ಯಾಕ್ ತಗೊಳ್ಳಿಲ್ಲ?" ಅಂದರೆ ಅವರು ನೇರವಾಗಿ ಹೇಳುತ್ತಾರೆ.

ಮೂರು ತಿಂಗಳಾದ ಮೇಲೆ ಎರಡನೇ ಕಾಲಮ್ಮಿನ ಸರಾಸರಿ ತಿಂಗಳಿಗೆ 1,200 ಕೆಜಿ ದಾಟಿದ್ದರೆ ಏಜೆಂಟ್ ಹುಡುಕಲು ಶುರು ಮಾಡಿ, ಓಡುವ ಹತ್ತು ಮಾಲನ್ನು ಮಾತ್ರ ಅಲ್ಲಿಡಿ. ಉಳಿದದ್ದು ವಾರಕ್ಕೆರಡು ಲಾರಿಯಲ್ಲೇ ಬರಲಿ. ಸ್ವಂತ ಗೋದಾಮಿನ ಬಾಡಿಗೆ ಕರಾರಿನ ಮಾತು, ಏಜೆಂಟರ ₹900 ಮತ್ತು ನಮ್ಮ ₹1,35,000 ಸಮವಾಗುವ ತಿಂಗಳಿಗೆ 150 ಟನ್ನಿನ ಹತ್ತಿರ ಬಂದಾಗ.